ಕೆಂಡದ ಮೇಲಿನ ಚಿಕನ್, ಸೀದ ಅಂಚು, ಮತ್ತೆ ಕ್ಯಾನ್ಸರ್ ಮಾತು

ಪ್ರಶ್ನೆ: ಸರ್, ನಾವು ವಿಜಯಪುರದವರು. ಪ್ರತಿ ರವಿವಾರ ಸಂಜೀಗೆ ಮಾಳಿಗಿ ಮ್ಯಾಲೆ ಕೆಂಡ ಮಾಡಿ ಚಿಕನ್ ಸುಡ್ತೀವಿ. ನಮ್ಮ ಅಣ್ಣನ ಮಗನಿಗೆ ಕರ್ರಗೆ ಸೀದ ತುಂಡೇ ಬೇಕು. ಮೊನ್ನೆ ವಾಟ್ಸಾಪ್‌ನಾಗ "ಸುಟ್ಟ ಮಾಂಸ ತಿಂದ್ರ ಕ್ಯಾನ್ಸರ್ ಗ್ಯಾರಂಟಿ" ಅಂತ ಬಂತು. ತಿನ್ನೂ ಮುಂದ ನಿಂಬೆಹಣ್ಣು ಹಿಂಡಿದ್ರ ಏನೂ ಆಗಂಗಿಲ್ಲ ಅಂತ ಇನ್ನೊಂದು ಬಂತು. ಇದ್ರಾಗ ಖರೇ ಯಾವುದು?

ಉತ್ತರ: ಎರಡೂ ಖರೇ ಅಲ್ಲ. "ಗ್ಯಾರಂಟಿ" ಅನ್ನುವುದು ಶುದ್ಧ ಸುಳ್ಳು. ನಿಂಬೆಹಣ್ಣಿನ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಹೊತ್ತು ತಪ್ಪಿದೆ. ತಿನ್ನುವಾಗ ಹಿಂಡಿದರೆ ರುಚಿ ಬರುತ್ತದೆ ಅಷ್ಟೇ, ಅಷ್ಟೊತ್ತಿಗೆ ಆಗಬೇಕಾದ್ದು ಆಗಿ ಹೋಗಿರುತ್ತದೆ. ಸುಡುವ ಮೊದಲೇ ಹಚ್ಚಿಟ್ಟಿದ್ದರೆ ಕಥೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ. ನಾನು ಡಾಕ್ಟರ್ ಅಲ್ಲ, ಆಹಾರದ ರಸಾಯನಶಾಸ್ತ್ರ ಪಾಠ ಮಾಡಿದವನು. ಹಾಗಾಗಿ ಒಲೆಯ ಕಡೆಯಿಂದಲೇ ಶುರು ಮಾಡುತ್ತೇನೆ.

ನೀವು ಕೇಳುತ್ತಿರುವ ವಸ್ತುವಿನ ಹೆಸರು ಹೆಟೆರೊಸೈಕ್ಲಿಕ್ ಅಮೀನ್. ಒಂದಲ್ಲ, ಅದೊಂದು ದೊಡ್ಡ ಕುಟುಂಬ. ಸುಟ್ಟ ಚಿಕನ್‌ನಲ್ಲಿ ಜಾಸ್ತಿ ಸಿಗುವ ಸದಸ್ಯನಿಗೆ ಈ ಕ್ಷೇತ್ರದವರು ಚಿಕ್ಕದಾಗಿ "ಫಿಪ್" ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ, ಪೂರ್ತಿ ಹೆಸರು ಹೇಳಿದರೆ ಒಂದು ಸಾಲು ಅದಕ್ಕೇ ಹೋಗುತ್ತದೆ. ಇದನ್ನು ಯಾರೂ ಮಾಂಸಕ್ಕೆ ಬೆರೆಸುವುದಿಲ್ಲ, ಒಲೆಯ ಮೇಲೆ ತಾನಾಗಿ ಹುಟ್ಟುತ್ತದೆ. ಪ್ರಾಣಿಯ ಸ್ನಾಯುವಿನಲ್ಲಿ ಕ್ರಿಯಾಟಿನ್ ಅಂತ ಒಂದು ಪದಾರ್ಥ ಇರುತ್ತದೆ, ಜಿಮ್‌ಗೆ ಹೋಗುವ ಹುಡುಗರು ಡಬ್ಬಿ ಡಬ್ಬಿ ತರುತ್ತಾರಲ್ಲ, ಅದೇ. ಈ ಕ್ರಿಯಾಟಿನ್, ಪ್ರೋಟೀನಿನ ಚೂರುಗಳಾದ ಅಮೈನೊ ಆಮ್ಲಗಳು, ಜೊತೆಗೆ ಮಾಂಸದಲ್ಲೇ ಇರುವ ಚೂರು ಸಕ್ಕರೆ, ಇವು ಜೋರು ಬಿಸಿಯಲ್ಲಿ ಒಂದಕ್ಕೊಂದು ಅಂಟಿಕೊಂಡಾಗ ಈ ಅಮೀನ್‌ಗಳು ತಯಾರಾಗುತ್ತವೆ.

ಇಲ್ಲಿ ಕ್ರಿಯಾಟಿನ್ ಬೇಕೇ ಬೇಕು ಅನ್ನುವುದನ್ನು ನೆನಪಿಡಿ. ಯಾಕಂದರೆ ಜನ ಕಪ್ಪು ಕಂಡಲ್ಲೆಲ್ಲ ಹೆದರುತ್ತಾರೆ. ಜೋಳದ ರೊಟ್ಟಿ ಮೇಲೆ ಬೀಳುವ ಕಪ್ಪು ಚುಕ್ಕೆಯಲ್ಲಿ ಫಿಪ್ ಇಲ್ಲ, ಜೋಳದಲ್ಲಿ ಕ್ರಿಯಾಟಿನ್ ಎಲ್ಲಿಂದ ಬರಬೇಕು? ಭರ್ತಕ್ಕೆ ಅಂತ ಕೆಂಡದಲ್ಲಿ ಸುಟ್ಟು ಸಿಪ್ಪೆ ಕರ್ರಗಾದ ಬದನೆಕಾಯಿಯಲ್ಲೂ ಇಲ್ಲ. ಸೀದ ಹಿಟ್ಟಿನ ಪದಾರ್ಥದಲ್ಲಿ ಅಕ್ರಿಲಮೈಡ್ ಅಂತ ಬೇರೆ ಒಂದು ಬರುತ್ತದೆ, ಅದರ ವಿಚಾರ ಇವತ್ತು ಬೇಡ. ಇದರ ಉಲ್ಟಾನೂ ಅಷ್ಟೇ ನಿಜ. ಚಿಕನ್ ತುಂಡು ಎಲ್ಲೂ ಕಪ್ಪಾಗದೆ ಚೆನ್ನಾಗಿ ಕೆಂಪಗೆ, ಒಣಗಿದ ಹಾಗೆ ಬೆಂದಿದ್ದರೂ ಅದರ ಮೇಲ್ಪದರದಲ್ಲಿ ಫಿಪ್ ಇರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ತುಂಡಿನ ಮೇಲಿನ ಕಪ್ಪಿನಲ್ಲಿ ಒಂದಷ್ಟು ಪಾಲು ಸೀದ ಮಸಾಲೆ, ಮೊಸರು, ಕಡಲೆಹಿಟ್ಟಿನದ್ದೂ ಇರಬಹುದು. ಆದರೂ ಕಪ್ಪು ಒಂದು ಸುಳಿವಂತೂ ಹೌದು: ಇಲ್ಲಿ ಬಿಸಿ ಜಾಸ್ತಿ ಆಗಿತ್ತು, ಜಾಸ್ತಿ ಹೊತ್ತು ಇತ್ತು ಅಂತ ಅದು ಹೇಳುತ್ತದೆ.

ಬಿಸಿ ಎಷ್ಟಿರಬೇಕು? ಮಟನ್ ಸಾರು ಕುದಿಯುವಾಗ ಎಷ್ಟೇ ಉರಿ ಹಾಕಿದರೂ ಅದರ ಬಿಸಿ ನೂರು ಡಿಗ್ರಿ ಸುತ್ತಮುತ್ತಲೇ ನಿಲ್ಲುತ್ತದೆ, ನೀರು ಅದಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ. ಅಷ್ಟರಲ್ಲಿ ಈ ಅಮೀನ್‌ಗಳು ಹುಟ್ಟುವುದು ಲೆಕ್ಕಕ್ಕಿಲ್ಲದಷ್ಟು. ಸುಮಾರು 150 ಡಿಗ್ರಿ ದಾಟಿದ ಮೇಲೆ ಶುರು, 200 ದಾಟಿದರೆ ಜೋರು. ಕೆಂಡದ ಮೇಲಿಟ್ಟ ತುಂಡು ಮೊದಲು ಸುಯ್ ಅಂತ ಸದ್ದು ಮಾಡುತ್ತದಲ್ವಾ? ಆ ಸದ್ದು ಇರುವ ತನಕ ಮೇಲ್ಮೈಯಲ್ಲಿ ನೀರು ಇದೆ ಅಂತ ಅರ್ಥ, ಬಿಸಿ ಅಷ್ಟು ಏರುವುದಿಲ್ಲ. ಒಳಗಿನ ರಸ ಹೊರಗೆ ಬರುತ್ತಾ ಕ್ರಿಯಾಟಿನ್, ಸಕ್ಕರೆ ಎಲ್ಲವನ್ನೂ ಮೇಲಕ್ಕೆ ಹೊತ್ತು ತರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ತಂದ ಸರಕು ಮೇಲೆ ಉಳಿಯುತ್ತದೆ. ಸದ್ದು ನಿಂತು ತುಂಡು ಒಣಗಿತು ಅಂದರೆ ಅಲ್ಲಿಂದ ಮುಂದೆ ಮೇಲ್ಪದರದ ಬಿಸಿ ಸರ್ರನೆ ಏರುತ್ತದೆ, ಕಾರ್ಖಾನೆ ಶುರುವಾಗುತ್ತದೆ. ನಿಮ್ಮ ಅಣ್ಣನ ಮಗ "ಇನ್ನೊಂದು ಐದು ನಿಮಿಷ ಇರಲಿ ಕಾಕಾ" ಅನ್ನುವ ಆ ಐದು ನಿಮಿಷ ಇದೆಯಲ್ಲ, ಅಸಲಿ ವಿಷಯ ಅದೇ.

ಇದು ಗೊತ್ತಾದದ್ದು ಮಾಂಸದಿಂದಲ್ಲ, ಮೀನಿನಿಂದ. 1970ರ ದಶಕದಲ್ಲಿ ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ತಕಾಶಿ ಸುಗಿಮುರ ಅನ್ನುವ ವಿಜ್ಞಾನಿಯ ತಂಡ ಮೀನು ಸುಡುವಾಗ ಬರುವ ಹೊಗೆಯನ್ನು, ಸೀದ ಭಾಗವನ್ನು ಸಂಗ್ರಹಿಸಿ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷೆ ಮಾಡಿತು. ಆ ಪರೀಕ್ಷೆ ಬಹಳ ಚೆಂದದ್ದು. ಹಿಸ್ಟಿಡಿನ್ ಅನ್ನುವ ಅಮೈನೊ ಆಮ್ಲ ಕೊಡದಿದ್ದರೆ ಬೆಳೆಯಲಾಗದ ಒಂದು ಬ್ಯಾಕ್ಟೀರಿಯಾ ತಳಿ ಇದೆ. ಅದನ್ನು ಹಿಸ್ಟಿಡಿನ್ ಇಲ್ಲದ ತಟ್ಟೆಯಲ್ಲಿ ಹರಡಿ, ಅನುಮಾನದ ವಸ್ತುವನ್ನು ಸೇರಿಸಿ ಇಡುತ್ತಾರೆ. ಆ ವಸ್ತು ಡಿಎನ್ಎ ಕೆಡಿಸುವಂಥದ್ದಾದರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಅಕಸ್ಮಾತ್ ಹಳೆಯ ದೋಷ ಸರಿಹೋಗಿ ಅವು ಬೆಳೆದುಬಿಡುತ್ತವೆ. ಎರಡು ದಿನ ಬಿಟ್ಟು ತಟ್ಟೆಯಲ್ಲಿ ಎಷ್ಟು ಬಿಳಿ ಚುಕ್ಕೆ ಎದ್ದಿವೆ ಅಂತ ಎಣಿಸಿದರೆ ಆಯಿತು. ಸುಟ್ಟ ಮೀನಿನ ತಟ್ಟೆಗಳಲ್ಲಿ ಚುಕ್ಕೆಗಳು ದಂಡಿಯಾಗಿ ಎದ್ದವು. ಫಿಪ್ ಅನ್ನು 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಿವರ್‌ಮೋರ್ ಪ್ರಯೋಗಾಲಯದವರು ಹುರಿದ ದನದ ಮಾಂಸದಲ್ಲಿ ಪತ್ತೆ ಮಾಡಿದರು.

ಇನ್ನೊಂದು ವಿಚಿತ್ರ ಏನಂದರೆ ಫಿಪ್ ತಾನಾಗಿ ಏನೂ ಮಾಡುವುದಿಲ್ಲ. ಅದನ್ನು ಚುರುಕು ಮಾಡುವುದು ನಮ್ಮದೇ ಲಿವರ್. ಚಹಾದ ಕೆಫೀನ್ ಒಡೆಯುವ ಒಂದು ಎಂಜೈಮ್ ಇದೆ, ಅದೇ ಎಂಜೈಮ್ ಇದನ್ನೂ ಒಡೆಯಲು ಹೋಗಿ ಇನ್ನಷ್ಟು ಒರಟು ರೂಪ ಕೊಡುತ್ತದೆ. ಆಮೇಲೆ ಇನ್ನೊಂದು ಎಂಜೈಮ್ ಕೈ ಹಾಕಿದಾಗ ಅದು ಡಿಎನ್ಎಗೆ ಹೋಗಿ ಅಂಟುತ್ತದೆ. ಬಹುಪಾಲು ಹಾಗೆ ಅಂಟುವುದೇ ಇಲ್ಲ, ಒಂದು ದಿನದೊಳಗೆ ಮೂತ್ರದಲ್ಲಿ ಹೋಗುತ್ತದೆ. ಅಂಟಿದ್ದರಲ್ಲೂ ಹೆಚ್ಚಿನದನ್ನು ಜೀವಕೋಶ ರಿಪೇರಿ ಮಾಡಿಕೊಳ್ಳುತ್ತದೆ. ಈ ಎಂಜೈಮ್‌ಗಳ ಚುರುಕು ಒಬ್ಬೊಬ್ಬರಲ್ಲಿ ಒಂದೊಂದು ಥರ, ಹುಟ್ಟಿನಿಂದಲೇ ಬಂದದ್ದು.

ಈಗ ವಾಟ್ಸಾಪ್‌ನ "ಗ್ಯಾರಂಟಿ" ಎಲ್ಲಿಂದ ಬಂತು ಅಂತ ನೋಡೋಣ. ಅದು ಇಲಿಗಳಿಂದ ಬಂದದ್ದು. 1991ರ ಹೊತ್ತಿಗೆ ಜಪಾನಿನಲ್ಲಿ ಇಲಿಗಳಿಗೆ ಒಂದು ವರ್ಷ ಫಿಪ್ ಬೆರೆಸಿದ ಆಹಾರ ಹಾಕಿದರು. ಗಂಡು ಇಲಿಗಳಲ್ಲಿ ಸುಮಾರು ಅರ್ಧಕ್ಕೆ ದೊಡ್ಡ ಕರುಳಿನ ಕ್ಯಾನ್ಸರ್, ಹೆಣ್ಣು ಇಲಿಗಳಲ್ಲಿ ಸುಮಾರು ಅರ್ಧಕ್ಕೆ ಸ್ತನದ ಕ್ಯಾನ್ಸರ್ ಬಂತು. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಪ್ರಮಾಣ ನೋಡಿ. ಪ್ರತಿ ಗ್ರಾಂ ಆಹಾರದಲ್ಲಿ 400 ಮೈಕ್ರೊಗ್ರಾಂ ಫಿಪ್ ಇತ್ತು. ಮುನ್ನೂರು ಗ್ರಾಂ ತೂಗುವ ಇಲಿ ದಿನಕ್ಕೆ ಹದಿನೈದು ಗ್ರಾಂ ತಿನ್ನುತ್ತದೆ ಅಂತ ಹಿಡಿದರೂ ಅದರ ಹೊಟ್ಟೆಗೆ ದಿನಾ 6000 ಮೈಕ್ರೊಗ್ರಾಂ ಹೋಗುತ್ತದೆ. ಅಂದರೆ ಕಿಲೋ ಮೈತೂಕಕ್ಕೆ 20,000.

ನಿಮ್ಮ ಮಾಳಿಗೆಗೆ ಬರೋಣ. 1995ರಲ್ಲಿ ಅಮೆರಿಕದಲ್ಲಿ ಕೋಳಿಯ ಎದೆಭಾಗವನ್ನು ಬೇರೆ ಬೇರೆ ರೀತಿ ಬೇಯಿಸಿ ಅಳೆದರು. ಗ್ರಿಲ್ ಮಾಡಿ ಚೆನ್ನಾಗಿ ಸೀಯಿಸಿದ್ದರಲ್ಲಿ ಸಿಕ್ಕ ಅತಿ ಜಾಸ್ತಿ ಅಂದರೆ ಗ್ರಾಂಗೆ 0.48 ಮೈಕ್ರೊಗ್ರಾಂ. ಎಷ್ಟೋ ತುಂಡುಗಳಲ್ಲಿ ಅದರ ಹತ್ತನೇ ಒಂದು ಪಾಲೂ ಇರಲಿಲ್ಲ. ಸುಮ್ನೆ ಕೆಟ್ಟದ್ದನ್ನೇ ಹಿಡಿಯೋಣ: ಅರವತ್ತು ಕಿಲೋ ತೂಕದ ನಿಮ್ಮ ಅಣ್ಣನ ಮಗ ಅಂಥ ಚಿಕನ್ ನೂರೈವತ್ತು ಗ್ರಾಂ ತಿಂದ. 72 ಮೈಕ್ರೊಗ್ರಾಂ ಆಯಿತು, ಅಂದರೆ ಕಿಲೋ ಮೈತೂಕಕ್ಕೆ 1.2. ಇಲಿಗೆ ಬಿದ್ದ ದಿನದ ಪ್ರಮಾಣ ಇದರ ಹದಿನಾರು ಸಾವಿರ ಪಟ್ಟಿಗಿಂತ ಜಾಸ್ತಿ, ಅದೂ ದಿನಾ. ಇವನು ತಿನ್ನುವುದು ವಾರಕ್ಕೊಮ್ಮೆ.

ಹಾಗಂತ "ಇಲಿ ಕಥೆ, ಬಿಡಿ" ಅನ್ನುವುದಕ್ಕೂ ಆಗುವುದಿಲ್ಲ, ಇದನ್ನು ಹೇಳದಿದ್ದರೆ ನಾನು ಮೋಸ ಮಾಡಿದಂತೆ. ಮನುಷ್ಯರ ಲಿವರ್ ಫಿಪ್ ಅನ್ನು ಚುರುಕು ಮಾಡುವುದರಲ್ಲಿ ಇಲಿಗಿಂತ ಮುಂದಿದೆ. 1990ರ ದಶಕದ ಕೊನೆಗೆ, ಕರುಳಿನ ಆಪರೇಶನ್‌ಗೆ ಕಾಯುತ್ತಿದ್ದ ಕೆಲವು ರೋಗಿಗಳು ಒಪ್ಪಿ, ಊಟದಲ್ಲಿ ಸಿಗಬಹುದಾದಷ್ಟೇ ಚಿಕ್ಕ ಪ್ರಮಾಣದ ಗುರುತು ಹಾಕಿದ ಫಿಪ್ ನುಂಗಿದ್ದರು. ಆಪರೇಶನ್‌ನಲ್ಲಿ ತೆಗೆದ ಕರುಳಿನ ಚೂರಿನ ಡಿಎನ್ಎಯಲ್ಲಿ ಅದು ಅಂಟಿದ್ದು ಸಿಕ್ಕಿತು, ಅದೇ ಪ್ರಮಾಣ ಕೊಟ್ಟ ಇಲಿಗಳಿಗಿಂತ ಜಾಸ್ತಿ. ಅಂದರೆ ಬಾಣಲೆಯಿಂದ ಡಿಎನ್ಎ ತನಕದ ದಾರಿ ಮನುಷ್ಯನಲ್ಲೂ ತೆರೆದಿದೆ. ಆ ದಾರಿಯಲ್ಲಿ ಹೋಗುವ ಇಷ್ಟು ಸಣ್ಣ ಪ್ರಮಾಣ ಕೊನೆಗೆ ಕ್ಯಾನ್ಸರ್ ಆಗುತ್ತದಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಕೊಡಬೇಕಾದ್ದು ಜನರ ಮೇಲಿನ ಅಧ್ಯಯನಗಳು.

ಅವು ಕೊಟ್ಟ ಉತ್ತರ ಗೋಜಲಿನದ್ದು. 1999ರ ಒಂದು ಸ್ವೀಡನ್ ಅಧ್ಯಯನದಲ್ಲಿ ಈ ಅಮೀನ್‌ಗಳಿಗೂ ಕರುಳಿನ ಕ್ಯಾನ್ಸರ್‌ಗೂ ಸಂಬಂಧವೇ ಕಾಣಲಿಲ್ಲ. ಅಮೆರಿಕದಲ್ಲಿ ಸುಮಾರು 3 ಲಕ್ಷ ಜನರನ್ನು ಏಳು ವರ್ಷ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕುಟುಂಬದ ಇನ್ನೊಂದು ಸದಸ್ಯ, ಮೀ-ಐಕ್ಯೂಎಕ್ಸ್ ಅನ್ನುವುದು, ಅದನ್ನು ಅತಿ ಜಾಸ್ತಿ ತಿಂದವರಲ್ಲಿ ಅತಿ ಕಡಿಮೆ ತಿಂದವರಿಗಿಂತ ದೊಡ್ಡ ಕರುಳಿನ ಕ್ಯಾನ್ಸರ್ 19 ಪ್ರತಿಶತ ಜಾಸ್ತಿ ಕಂಡಿತು. ಫಿಪ್‌ಗೆ ಅಂಥ ಸಂಬಂಧ ಸಿಗಲಿಲ್ಲ. ಇನ್ನು ಅಳತೆ ಮಾಡುವ ರೀತಿ ನೋಡಿ: ಜನರಿಗೆ ಬೇರೆ ಬೇರೆ ಹದಕ್ಕೆ ಬೆಂದ ಮಾಂಸದ ಫೋಟೊ ತೋರಿಸಿ "ನೀವು ತಿನ್ನುವುದು ಯಾವ ಥರದ್ದು, ತಿಂಗಳಿಗೆ ಎಷ್ಟು ಸಲ" ಅಂತ ಕೇಳುತ್ತಾರೆ. ಕಳೆದ ತಿಂಗಳು ಏನು ತಿಂದೆ ಅಂತ ನನಗೇ ನೆನಪಿಲ್ಲ. ಮೇಲಾಗಿ ಸೀದ ಮಾಂಸ ಜಾಸ್ತಿ ತಿನ್ನುವವರು ಒಟ್ಟಾರೆ ಮಾಂಸವನ್ನೇ ಜಾಸ್ತಿ ತಿನ್ನುತ್ತಿರಬಹುದು, ಸಿಗರೇಟು, ಕುಡಿತ ಜಾಸ್ತಿ ಇರಬಹುದು, ತರಕಾರಿ ಕಡಿಮೆ ಇರಬಹುದು. ಅದನ್ನೆಲ್ಲ ಲೆಕ್ಕದಲ್ಲಿ ತೆಗೆದುಹಾಕಿದೆವು ಅನ್ನುತ್ತಾರೆ, ಪೂರ್ತಿ ತೆಗೆಯಲು ಯಾರಿಂದಲೂ ಆಗುವುದಿಲ್ಲ.

ನನ್ನನ್ನು ಜಾಸ್ತಿ ಕಾಡುವ ಒಗಟು ಕೋಳಿಯದ್ದು. ಫಿಪ್ ಅತಿ ಜಾಸ್ತಿ ಸಿಗುವುದು ಸುಟ್ಟ ಚಿಕನ್‌ನಲ್ಲಿ. ತಪ್ಪು ಫಿಪ್‌ನದ್ದೇ ಆಗಿದ್ದರೆ ಚಿಕನ್ ತಿನ್ನುವವರಲ್ಲೇ ದೊಡ್ಡ ಕರುಳಿನ ಕ್ಯಾನ್ಸರ್ ಎದ್ದು ಕಾಣಬೇಕಿತ್ತು. ಕಾಣುವುದಿಲ್ಲ! ದೊಡ್ಡ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಸಂಬಂಧ ಕಾಣುವುದು ಕುರಿ, ಆಡು, ದನ, ಹಂದಿಯಂಥ ಕೆಂಪು ಮಾಂಸಕ್ಕೆ, ಅದಕ್ಕಿಂತ ಗಟ್ಟಿಯಾಗಿ ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸಕ್ಕೆ. ಹಾಗಾಗಿ ಕೆಂಪು ಮಾಂಸದಲ್ಲಿ ಬೇರೆ ಏನೋ ಇದೆ, ರಕ್ತದ ಕೆಂಪಿಗೆ ಕಾರಣವಾದ ಹೀಮ್ ಕಬ್ಬಿಣ ಅಥವಾ ಹೊಟ್ಟೆಯೊಳಗೆ ಹುಟ್ಟುವ ನೈಟ್ರೊಸೊ ಪದಾರ್ಥಗಳು ಜೊತೆಗೂಡಿರಬೇಕು ಅನ್ನುವ ಅನುಮಾನ ಬಲವಾಗಿದೆ. ನನ್ನ ಅಭಿಪ್ರಾಯವೂ ಅದೇ: ಈ ಅಮೀನ್‌ಗಳು ನಿರಪರಾಧಿಗಳಲ್ಲ, ಆದರೆ ಒಂಟಿ ಆರೋಪಿಯೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ 1993ರಲ್ಲಿ ಫಿಪ್ ಅನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇದೆ" ಅನ್ನುವ 2ಬಿ ಗುಂಪಿಗೆ ಹಾಕಿತು. 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು "ಕ್ಯಾನ್ಸರ್ ತರುವುದು ಖಚಿತ" ಅನ್ನುವ ಮೊದಲ ಗುಂಪಿಗೆ, ಕೆಂಪು ಮಾಂಸವನ್ನು "ಬಹುಶಃ ತರುತ್ತದೆ" ಅನ್ನುವ 2ಎ ಗುಂಪಿಗೆ ಸೇರಿಸಿತು. ಆದರೆ ಮಾಂಸ ಬೇಯಿಸುವ ರೀತಿಯಿಂದ ಅಪಾಯ ಬದಲಾಗುತ್ತದೆಯೇ ಅಂತ ತೀರ್ಮಾನಿಸಲು ಸಾಕಷ್ಟು ಮಾಹಿತಿ ಇಲ್ಲ ಅಂತ ಆಗಲೇ ಹೇಳಿತು. ಇನ್ನು ಗುಂಪಿನ ನಂಬರ್ ನೋಡಿ ಗಾಬರಿಯಾಗಬೇಡಿ, ಅದು ಸಾಕ್ಷಿ ಎಷ್ಟು ಗಟ್ಟಿ ಅನ್ನುವುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಅನ್ನುವುದನ್ನಲ್ಲ. ತಂಬಾಕೂ ಸಾಸೇಜೂ ಒಂದೇ ಗುಂಪಿನಲ್ಲಿವೆ. ದಿನಾ ಗುಟ್ಕಾ ಹಾಕಿಕೊಂಡು ರವಿವಾರದ ಕಬಾಬಿಗೆ ಹೆದರುವವರನ್ನು ನಾನು ನೋಡಿದ್ದೇನೆ. ಅಂದ ಹಾಗೆ ಬೀಡಿ ಸಿಗರೇಟಿನ ತಂಬಾಕು ಹೊಗೆಯಲ್ಲೂ ಇದೇ ಅಮೀನ್‌ಗಳು ಇರುತ್ತವೆ.

ಸರಿ, ಮಾಳಿಗೆ ಮೇಲೆ ಏನು ಮಾಡಬೇಕು? ನಮ್ಮ ಮನೆಯಲ್ಲಿ ಮಾಡುವುದನ್ನೇ ಹೇಳುತ್ತೇನೆ.

ಮಧ್ಯಾಹ್ನವೇ ಒಂದು ಕಿಲೋ ಚಿಕನ್‌ಗೆ ಎರಡು ನಿಂಬೆಹಣ್ಣಿನ ರಸ, ಜಜ್ಜಿದ ಬೆಳ್ಳುಳ್ಳಿ, ಅರಿಶಿನ, ಉಪ್ಪು, ಖಾರ, ಒಂದೆರಡು ಚಮಚ ಎಣ್ಣೆ ಹಚ್ಚಿ ಮುಚ್ಚಿ ಫ್ರಿಜ್‌ನಲ್ಲಿ ಇಡುತ್ತೇವೆ. ನಿಮ್ಮ ನಿಂಬೆಹಣ್ಣಿನ ಜಾಗ ಇದು. ಲಿವರ್‌ಮೋರ್‌ನವರು 1997ರಲ್ಲಿ ನಿಂಬೆರಸ, ವಿನೆಗರ್, ಬೆಳ್ಳುಳ್ಳಿ, ಸಾಸಿವೆ, ಎಣ್ಣೆ, ಕಂದು ಸಕ್ಕರೆ ಹಚ್ಚಿಟ್ಟ ಚಿಕನ್ ಸುಟ್ಟು ಅಳೆದಾಗ ಫಿಪ್ 92ರಿಂದ 99 ಪ್ರತಿಶತ ಕಡಿಮೆಯಾಗಿತ್ತು. ಆದರೆ ಅದೇ ಪ್ರಯೋಗದಲ್ಲಿ, ಅರ್ಧ ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಸುಟ್ಟ ತುಂಡುಗಳಲ್ಲಿ ಮೇಲೆ ಹೇಳಿದ ಆ ಇನ್ನೊಂದು ಅಮೀನ್, ಮೀ-ಐಕ್ಯೂಎಕ್ಸ್, ಹತ್ತು ಪಟ್ಟು ಏರಿತ್ತು. ಸಕ್ಕರೆಯ ಮೇಲೆ ನನಗೆ ಅನುಮಾನ. ಅದಕ್ಕೇ ನಾನು ಬೆಲ್ಲ, ಜೇನು, ಅಂಗಡಿಯ ಸಿಹಿ ಸಾಸ್ ಹಚ್ಚುವುದಿಲ್ಲ, ಹಚ್ಚಲೇಬೇಕು ಅಂದರೆ ಕೆಂಡದಿಂದ ಇಳಿಸಿದ ಮೇಲೆ.

ಆಮೇಲೆ ಹಚ್ಚಿಟ್ಟ ಚಿಕನ್ ಅನ್ನು ಅಗಲ ಪಾತ್ರೆಗೆ ಹಾಕಿ, ನೀರು ಹಾಕದೆ, ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಇಡುತ್ತೇನೆ. ಚಿಕನ್ ತಾನೇ ಬಿಡುವ ನೀರು ಒಂದು ಲೋಟದಷ್ಟಾಗುತ್ತದೆ. ಆ ನೀರನ್ನು ಬಸಿಯುತ್ತೇನೆ. ಕ್ರಿಯಾಟಿನ್, ಸಕ್ಕರೆ ಬಹಳಷ್ಟು ಆ ನೀರಿಗೆ ಇಳಿದಿರುತ್ತವೆ, ಕಚ್ಚಾ ಮಾಲೇ ಕಡಿಮೆಯಾದರೆ ಕೆಂಡದ ಮೇಲೆ ತಯಾರಾಗುವುದೇನು? ದನದ ಮಾಂಸದ ಟಿಕ್ಕಿಗಳನ್ನು ಮೈಕ್ರೊವೇವ್‌ನಲ್ಲಿ ಒಂದೆರಡು ನಿಮಿಷ ಇಟ್ಟು, ರಸ ಚೆಲ್ಲಿ ಆಮೇಲೆ ಹುರಿದಾಗ ಈ ಅಮೀನ್‌ಗಳು ಮೂರರಿಂದ ಒಂಬತ್ತು ಪಟ್ಟು ಕಡಿಮೆಯಾಗಿದ್ದನ್ನು ಅಳೆದು ತೋರಿಸಿದ್ದಾರೆ. ನಾನು ಮಾಡುವುದು ಅದರದೇ ನಮ್ಮ ಕಡೆಯ ಅವತಾರ, ಪಾತ್ರೆಯದ್ದನ್ನು ಅಳೆದು ನೋಡಿಲ್ಲ. ಇನ್ನೊಂದು ಲಾಭವೂ ಇದೆ, ಒಳಗೆ ಮುಕ್ಕಾಲು ಬೆಂದಿರುವುದರಿಂದ ಕೆಂಡದ ಮೇಲೆ ಇಪ್ಪತ್ತೈದು ನಿಮಿಷ ಕಾಯಬೇಕಿಲ್ಲ, ಎಂಟು ಹತ್ತು ನಿಮಿಷ ಸಾಕು. ಅರೆಬೆಂದ ಚಿಕನ್ ಪಾತ್ರೆಯಿಂದ ನೇರ ಕೆಂಡಕ್ಕೆ ಹೋಗಬೇಕು, ಇಳಿಸಿ ಗಂಟೆಗಟ್ಟಲೆ ಬಿಟ್ಟರೆ ಕ್ರಿಮಿಗಳಿಗೆ ಹಬ್ಬ.

ಕೆಂಡದಲ್ಲಿ ಜ್ವಾಲೆ ಇರಬಾರದು, ಮೇಲೆ ಬೂದಿ ಹೊದ್ದಿರಬೇಕು. ಜಾಳಿಗೆಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿಯಿರಿ. ಎರಡು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕೆನಿಸಿದರೆ ಬಿಸಿ ಜಾಸ್ತಿಯಾಯಿತು, ಕೆಂಡ ಹರಡಿ. ಐದರ ತನಕ ಹಿಡಿಯಲು ಆದರೆ ಹದ ಸರಿ. ತುಂಡನ್ನು ನಿಮಿಷಕ್ಕೊಮ್ಮೆ ತಿರುವಿ, ಒಂದೇ ಮೈ ಹೊತ್ತಿಕೊಂಡು ಒಣಗುವುದಕ್ಕೆ ಬಿಡಬೇಡಿ. ಇದನ್ನೂ ಟಿಕ್ಕಿಗಳಲ್ಲಿ ಅಳೆದಿದ್ದಾರೆ, ಮೇಲಿಂದ ಮೇಲೆ ತಿರುವಿದರೆ ಅಮೀನ್ ಕಡಿಮೆ, ಒಳಗಿನ ಕ್ರಿಮಿಯೂ ಬೇಗ ಸಾಯುತ್ತದೆ. ಕೊಬ್ಬು ತೊಟ್ಟಿಕ್ಕಿ ಬುಗ್ ಅಂತ ಹೊತ್ತಿಕೊಂಡು ಹೊಗೆ ಏಳುತ್ತದಲ್ಲ, ಆ ಹೊಗೆಯಲ್ಲಿ ಬೇರೆಯದೇ ಜಾತಿಯ ಕೆಟ್ಟ ಪದಾರ್ಥಗಳಿವೆ. ತುಂಡನ್ನು ಪಕ್ಕಕ್ಕೆ ಸರಿಸಿ, ಉರಿ ಇಳಿದ ಮೇಲೆ ವಾಪಸ್ ತನ್ನಿ.

ಒಂದು ತಪ್ಪು ಮಾತ್ರ ಮಾಡಬೇಡಿ. ಸೀಯಬಾರದು ಅಂತ ಹಸಿಹಸಿ ಇಳಿಸುವುದು. ನಮ್ಮ ಮನೆಯಲ್ಲೇ ಒಮ್ಮೆ ಹೀಗಾಯಿತು, ಈ ಬಸಿಯುವ ಉಪಾಯ ಕಲಿಯುವ ಮೊದಲು. ಹೊರಗೆ ಚೆಂದ ಕೆಂಪಗಾಗಿತ್ತು, ಮೂಳೆ ಹತ್ತಿರ ಗುಲಾಬಿ ಬಣ್ಣ, ಕತ್ತಲಲ್ಲಿ ಯಾರೂ ನೋಡಲಿಲ್ಲ. ಮರುದಿನ ಮೂವರಿಗೆ ವಾಂತಿಭೇದಿ. ಹತ್ತಾರು ವರ್ಷದ ಮೇಲೆ ಬರಬಹುದಾದ, ಬರದೇ ಇರಬಹುದಾದ ರೋಗಕ್ಕೆ ಹೆದರಿ ನಾಳೆಯೇ ಬರುವ ರೋಗ ಕರೆದಂತಾಯಿತು. ದಪ್ಪ ತುಂಡಿನ ನಡುವೆ 74 ಡಿಗ್ರಿ ಮುಟ್ಟಿರಬೇಕು, ಅಡುಗೆ ಥರ್ಮಾಮೀಟರ್ ಈಗ ದುಬಾರಿ ಏನಲ್ಲ.

ಅಣ್ಣನ ಮಗನ ಸೀದ ತುಂಡಿನ ವಿಷಯ. ಅಮೀನ್ ಬಹುಪಾಲು ಇರುವುದು ಮೇಲಿನ ಸೀದ ಪದರದಲ್ಲೇ, ಒಳಗಿನ ಬಿಳಿ ಮಾಂಸದಲ್ಲಿ ಅಲ್ಲ. ಇದ್ದಿಲಿನ ಹಾಗೆ ಆದದ್ದನ್ನು ಕಿತ್ತು ಹಾಕಿ ಉಳಿದದ್ದು ತಿನ್ನಲಿ. ಅವನಿಗೆ ಬೇಕಿರುವುದು ಕರಕರ ಅನ್ನುವುದಾದರೆ ಕೊನೆಯ ಒಂದು ನಿಮಿಷ ಜೋರು ಕೆಂಡಕ್ಕೆ ತೋರಿಸಿ ಇಳಿಸಿ, ಬಸಿದ ಚಿಕನ್ ಬೇಗ ಗರಿಯಾಗುತ್ತದೆ. ವಾರಕ್ಕೊಮ್ಮೆ ಹೀಗೆ ತಿಂದರೆ ನಾನಂತೂ ತಡೆಯುವುದಿಲ್ಲ. ದಿನಾ ಸಂಜೆ ಬೀದಿಬದಿ ಸೀಖ್ ಕಬಾಬ್ ತಿನ್ನುತ್ತಿದ್ದರೆ ಮಾತು ಬೇರೆ, ಅಲ್ಲಿ ಕೆಂಪು ಮಾಂಸ, ಹೊಗೆ, ಸೀದದ್ದು ಮೂರೂ ಒಟ್ಟಿಗೆ ಸೇರುತ್ತವೆ.

ಮತ್ತೆ ಆ ಬಸಿದ ನೀರು ಚೆಲ್ಲಬೇಡಿ. ಅದರಲ್ಲಿ ಕ್ರಿಯಾಟಿನ್ ಇದ್ದರೇನು, ಕುದಿಯುವ ಸಾರಿನಲ್ಲಿ ಅದು ಫಿಪ್ ಆಗುವಷ್ಟು ಬಿಸಿ ಸಿಗುವುದಿಲ್ಲ. ಬಾಣಲೆಯಲ್ಲಿ ಒಣಗಿಸಿ ಸುಕ್ಕಾ ಮಾಡಲು ಮಾತ್ರ ಬಳಸಬೇಡಿ. ನಮ್ಮ ಮನೆಯಲ್ಲಿ ಆ ಒಂದು ಲೋಟಕ್ಕೆ ಒಣಕೊಬ್ಬರಿ, ಎಳ್ಳು, ಕೆಂಪು ಖಾರ ಅರೆದು ಹಾಕಿ, ನೀರು ಬೆರೆಸಿ ತೆಳ್ಳಗೆ ಸಾರು ಕುದಿಸುತ್ತಾರೆ, ರೊಟ್ಟಿ ಮುರಿದು ಅದ್ದಿಕೊಂಡು ತಿನ್ನುವಷ್ಟರಲ್ಲಿ ಮಾಳಿಗೆ ಮೇಲೆ ಕೆಂಡಕ್ಕೆ ಬೂದಿ ಬಂದಿರುತ್ತದೆ.